ಬೆಲೆ ಗೊತ್ತಿಲ್ಲದೆ ಚಿಹ್ನೆಯ ಲೆಕ್ಕ

ರಾಸಾಯನಿಕ ಕ್ರಿಯೆಗಳನ್ನು ಕಂಪ್ಯೂಟರಿನಲ್ಲಿ ಅಧ್ಯಯನ ಮಾಡುವವರಿಗೆ ಒಂದು ಹಂತದಲ್ಲಿ ಬೇಕಾಗುವುದು ಇಷ್ಟೇ: ಋಣ ಎಷ್ಟಿವೆ? ಪರಮಾಣುಗಳನ್ನು ಚೂರು ಅಲುಗಿಸಿದರೆ ಅಣುವಿನ ಶಕ್ತಿ ಯಾವ ಕಡೆ ಏರುತ್ತದೆ, ಯಾವ ಕಡೆ ಇಳಿಯುತ್ತದೆ ಎಂಬುದೆಲ್ಲ ಒಂದು ಸಮಮಿತ ಮ್ಯಾಟ್ರಿಕ್ಸ್‌ನಲ್ಲಿ ಅಡಗಿರುತ್ತದೆ. ಬಲಗಳೆಲ್ಲ ಸೊನ್ನೆಯಾದ ಜಾಗದಲ್ಲಿ ಆ ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯಗಳಲ್ಲಿ ಒಂದೂ ಋಣವಿಲ್ಲದಿದ್ದರೆ ಅಣು ತಗ್ಗಿನಲ್ಲಿ ಕೂತಿದೆ ಎಂದು ಲೆಕ್ಕ. ಸರಿಯಾಗಿ ಒಂದೇ ಒಂದು ಋಣವಿದ್ದರೆ ಅದು ಎರಡು ತಗ್ಗುಗಳ ನಡುವಿನ ಕಣಿವೆದಾರಿ. ಕ್ರಿಯೆ ದಾಟಿ ಹೋಗಬೇಕಾದ ಸಂಕ್ರಮಣ ಸ್ಥಿತಿ. ಎರಡು ಸಿಕ್ಕರೆ ಹುಡುಕಾಟ ದಾರಿ ತಪ್ಪಿದೆ. ಆ ಋಣಸಂಖ್ಯೆ ದೊಡ್ಡದೋ ಚಿಕ್ಕದೋ ಎಂಬುದರಿಂದ ಈ ತೀರ್ಪು ಬದಲಾಗುವುದಿಲ್ಲ.

ಕರ್ಣದ ಎರಡೂ ಬದಿಯಲ್ಲಿ ಕನ್ನಡಿಯ ಬಿಂಬದಂತೆ ಅವೇ ಸಂಖ್ಯೆಗಳಿದ್ದರೆ ಅದು ಸಮಮಿತ ಮ್ಯಾಟ್ರಿಕ್ಸ್. ಅಂಥದ್ದಕ್ಕೆ ಪರಸ್ಪರ ಲಂಬವಾದ ಕೆಲವು ದಿಕ್ಕುಗಳಿರುತ್ತವೆ. ಆ ದಿಕ್ಕಿನ ಬಾಣಗಳನ್ನು ಅದು ತಿರುಗಿಸುವುದಿಲ್ಲ, ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ ಅಥವಾ ಹಿಂದುಮುಂದು ಮಾಡುತ್ತದೆ. ಎಷ್ಟು ಪಟ್ಟು ಎಂಬ ಸಂಖ್ಯೆಯೇ ಐಗನ್ ಮೌಲ್ಯ. ಸಮಮಿತ ಮ್ಯಾಟ್ರಿಕ್ಸ್‌ನಲ್ಲಿ ಇವೆಲ್ಲವೂ ವಾಸ್ತವ ಸಂಖ್ಯೆಗಳೇ ಆಗಿರುವುದರಿಂದ ಪ್ರತಿಯೊಂದೂ ಧನ, ಋಣ ಅಥವಾ ಸೊನ್ನೆ. ಆದರೆ ಅವುಗಳನ್ನು ಕಂಡುಹಿಡಿಯುವುದೆಂದರೆ ಒಂದು ಬಹುಪದಿ ಸಮೀಕರಣವನ್ನು ಬಿಡಿಸುವುದು. ಐದನೇ ಘಾತದಿಂದ ಮುಂದಕ್ಕೆ ಅದಕ್ಕೆ ವರ್ಗಮೂಲ, ಘನಮೂಲಗಳಿಂದ ಕಟ್ಟಿದ ಸಾಮಾನ್ಯ ಸೂತ್ರ ಇಲ್ಲವೇ ಇಲ್ಲ ಎಂದು ನಾರ್ವೆಯ ಆಬೆಲ್ 1824ರಲ್ಲೇ ತೋರಿಸಿದ್ದ. ಹಾಗಾಗಿ ದೊಡ್ಡ ಮ್ಯಾಟ್ರಿಕ್ಸ್‌ಗೆ ಉತ್ತರದ ಹತ್ತಿರ ಹತ್ತಿರ ಹೋಗುತ್ತಲೇ ಇರಬೇಕು. ಚಿಹ್ನೆಗಳ ಎಣಿಕೆಗೆ ಮಾತ್ರ ಆ ಪಾಡು ಬೇಡ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಗೊತ್ತಿದ್ದರೆ ಸಾಕು.

ಇದು ಹೇಗೆ ಸಾಧ್ಯ ಎಂಬುದು ಎರಡೇ ಚರಗಳ ಒಂದು ಉಕ್ತಿಯಲ್ಲಿ ಕಾಣುತ್ತದೆ: x² + 4xy + y². ಇದರ ಮ್ಯಾಟ್ರಿಕ್ಸ್‌ನ ಕರ್ಣದಲ್ಲಿ 1, 1. ಉಳಿದೆರಡು ಮೂಲೆಗಳಲ್ಲಿ 2, 2. ಹೈಸ್ಕೂಲಿನಲ್ಲಿ ಕಲಿತ ಹಾಗೆ ವರ್ಗ ಪೂರ್ಣಗೊಳಿಸಿದರೆ ಅದು (x + 2y)² − 3y² ಆಗುತ್ತದೆ. ಇನ್ನೊಬ್ಬರು ಬೇರೆ ದಾರಿ ಹಿಡಿದು 1.5(x + y)² − 0.5(x − y)² ಎಂದು ಬರೆಯಬಹುದು. ಬಿಡಿಸಿ ನೋಡಿದರೆ ಅದೂ ಸರಿಯೇ. ಮೊದಲನೆಯದರಲ್ಲಿ ಗುಣಕಗಳು 1 ಮತ್ತು −3, ಎರಡನೆಯದರಲ್ಲಿ 1.5 ಮತ್ತು −0.5. ನಿಜವಾದ ಐಗನ್ ಮೌಲ್ಯಗಳೋ 3 ಮತ್ತು −1. ಒಂದು ಸಂಖ್ಯೆಯೂ ಇನ್ನೊಂದಕ್ಕೆ ತಾಳೆಯಾಗಲಿಲ್ಲ. ಆದರೂ ಮೂರು ಕಡೆಯಲ್ಲೂ ಒಂದು ಧನ, ಒಂದು ಋಣ.

ಇದು ಕಾಕತಾಳೀಯವಲ್ಲ ಎಂದು 1852ರಲ್ಲಿ ಫಿಲಾಸಫಿಕಲ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದವನು ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ 1837ರಲ್ಲಿ ಎರಡನೆಯವನಾಗಿ ಬಂದರೂ ಯಹೂದಿಯಾದ ಕಾರಣ ಅವನಿಗೆ ಆಗ ಪದವಿ ಸಿಗಲಿಲ್ಲ; 1852ರಲ್ಲಿ ಅವನು ಲಂಡನ್ನಿನಲ್ಲಿ ವಿಮಾ ಲೆಕ್ಕಾಚಾರದ ಕೆಲಸ ಮಾಡುತ್ತ, ಉಳಿದ ಹೊತ್ತಿನಲ್ಲಿ ಬೀಜಗಣಿತ ಮಾಡುತ್ತಿದ್ದ. ಚರಗಳನ್ನು ಹೇಗೆ ಬದಲಿಸಿದರೂ ಧನ ವರ್ಗಗಳ ಸಂಖ್ಯೆ, ಋಣ ವರ್ಗಗಳ ಸಂಖ್ಯೆ ಕದಲುವುದಿಲ್ಲ ಎಂಬುದಕ್ಕೆ ಅವನು ಜಡತ್ವದ ನಿಯಮ ಎಂದು ಹೆಸರಿಟ್ಟ. ಜರ್ಮನಿಯ ಯಾಕೋಬಿಗೂ ಇದು ಗೊತ್ತಿತ್ತು. ಅವನ ಬರಹ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1857ರಲ್ಲಿ.

ನಿಯಮದ ಕಾರಣ ಅದರ ಹೆಸರಿಗಿಂತ ಸೊಗಸಾಗಿದೆ. ಮೂರು ಚರಗಳ ಒಂದೇ ಉಕ್ತಿಯನ್ನು ಒಬ್ಬರು ಎರಡು ಧನ, ಒಂದು ಋಣ ವರ್ಗವಾಗಿ ಬರೆದರು, ಮತ್ತೊಬ್ಬರು ಒಂದು ಧನ, ಎರಡು ಋಣವಾಗಿ ಬರೆದರು ಎಂದಿಟ್ಟುಕೊಳ್ಳಿ. ಮೊದಲನೆಯವರ ಋಣ ವರ್ಗವನ್ನು ಸೊನ್ನೆ ಮಾಡುವ ಬಿಂದುಗಳೆಲ್ಲ ಸೇರಿದರೆ ಮೂಲಬಿಂದುವಿನ ಮೂಲಕ ಹಾಯುವ ಒಂದು ಸಮತಲ. ಅದರ ಮೇಲೆ, ಮೂಲಬಿಂದು ಬಿಟ್ಟರೆ, ಉಕ್ತಿಯ ಬೆಲೆ ಎಲ್ಲೆಲ್ಲೂ ಧನ. ಎರಡನೆಯವರ ಧನ ವರ್ಗವನ್ನು ಸೊನ್ನೆ ಮಾಡಿದರೆ ಇನ್ನೊಂದು ಸಮತಲ. ಅಲ್ಲಿ ಬೆಲೆ ಎಲ್ಲೆಲ್ಲೂ ಋಣ. ಒಂದೇ ಬಿಂದುವಿನ ಮೂಲಕ ಹಾಯುವ ಎರಡು ಸಮತಲಗಳು ಕನಿಷ್ಠ ಒಂದು ಗೆರೆಯಲ್ಲಾದರೂ ಕೂಡಲೇಬೇಕು. ಆ ಗೆರೆಯ ಮೇಲೆ ಬೆಲೆ ಧನವೋ ಋಣವೋ? ಎರಡೂ ಆಗಲಾರದು, ಆದ್ದರಿಂದ ಇಬ್ಬರಲ್ಲಿ ಒಬ್ಬರ ಲೆಕ್ಕ ತಪ್ಪು. ಎಷ್ಟೇ ಚರಗಳಿದ್ದರೂ ವಾದ ಇದೇ: ಇರುವುದಕ್ಕಿಂತ ಹೆಚ್ಚು ಜಾಗವನ್ನು ಎರಡು ಪಕ್ಷಗಳೂ ಸೇರಿ ಕೇಳಿದರೆ ಎಲ್ಲೋ ಒಂದು ಕಡೆ ಡಿಕ್ಕಿ ಹೊಡೆಯಲೇಬೇಕು. ಐಗನ್ ದಿಕ್ಕುಗಳ ಉದ್ದಕ್ಕೆ ಅಕ್ಷಗಳನ್ನು ತಿರುಗಿಸಿ ಬರೆಯುವುದೂ ಚರ ಬದಲಾವಣೆಯ ಒಂದು ಬಗೆಯೇ, ಅಲ್ಲಿ ಗುಣಕಗಳಾಗಿ ಬರುವುದು ಐಗನ್ ಮೌಲ್ಯಗಳೇ. ಹಾಗಾಗಿ ಬೇರೆ ಯಾವ ಅಗ್ಗದ ದಾರಿಯಲ್ಲಿ ವರ್ಗ ಪೂರ್ಣಗೊಳಿಸಿದರೂ ಸಿಗುವ ಚಿಹ್ನೆಗಳ ಎಣಿಕೆ ಅವುಗಳದ್ದೇ.

ಆ ಅಗ್ಗದ ದಾರಿ ಎಂದರೆ ಸಮೀಕರಣ ಬಿಡಿಸುವಾಗ ಮಾಡುವ ನಿರಸನ ಕ್ರಮ. ಕರ್ಣದ ಮೊದಲ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ಅದರ ಕೆಳಗಿನದನ್ನೂ ಬಲಗಡೆಯದನ್ನೂ ಅಳಿಸಬೇಕು, ಉಳಿದ ಚಿಕ್ಕ ಮ್ಯಾಟ್ರಿಕ್ಸ್‌ನಲ್ಲಿ ಮತ್ತೆ ಹಾಗೇ ಮಾಡಬೇಕು. ಹೀಗೆ ಒಂದೊಂದಾಗಿ ಸಿಗುವ ಕರ್ಣದ ಸಂಖ್ಯೆಗಳಿಗೆ ಪಿವಟ್ ಎನ್ನುತ್ತಾರೆ.

ಇದರ ಬಳಕೆಗೆ ಒಂದು ಉದಾಹರಣೆ: ಎರಡು ಗೋಡೆಗಳ ನಡುವೆ ಸಾಲಾಗಿ ಮೂರು ಸಮ ತೂಕದ ಗುಂಡುಗಳಿವೆ. ನಾಲ್ಕು ಒಂದೇ ಬಗೆಯ ಸ್ಪ್ರಿಂಗುಗಳು ಅವುಗಳನ್ನು ಒಂದಕ್ಕೊಂದು, ಗೋಡೆಗೆ, ಕಟ್ಟಿಹಾಕಿವೆ. ದ್ರವ್ಯರಾಶಿಯನ್ನೂ ಸ್ಪ್ರಿಂಗಿನ ಬಿಗುವನ್ನೂ 1 ಎಂದಿಟ್ಟರೆ ಮ್ಯಾಟ್ರಿಕ್ಸ್ ಇದು:

```
 2  -1   0
-1   2  -1
 0  -1   2
```

ಇದರ ಐಗನ್ ಮೌಲ್ಯಗಳು ವ್ಯವಸ್ಥೆಯ ಸಹಜ ಕಂಪನಾಂಕಗಳ ವರ್ಗಗಳು. ಕಡಿಮೆಯದು ಎಲ್ಲಿದೆ ಎಂದು ತಿಳಿಯಬೇಕಿದೆ. ಕರ್ಣದ ಪ್ರತಿ ಸಂಖ್ಯೆಯಿಂದ 0.5 ಕಳೆದರೆ ಎಲ್ಲ ಐಗನ್ ಮೌಲ್ಯಗಳೂ 0.5ರಷ್ಟು ಕೆಳಗೆ ಸರಿಯುತ್ತವೆ, 0.5ಕ್ಕಿಂತ ಕಡಿಮೆ ಇದ್ದವು ಋಣವಾಗುತ್ತವೆ. ಈಗ ಮೊದಲ ಪಿವಟ್ 1.5. ಎರಡನೆಯದು 1.5 − 1/1.5, ಅಂದರೆ ಸುಮಾರು 0.833. ಮೂರನೆಯದು 1.5 − 1/0.833, ಅಂದರೆ 0.3. ಮೂರೂ ಧನ, 0.5ರ ಕೆಳಗೆ ಏನೂ ಇಲ್ಲ. ಇನ್ನು 0.6 ಕಳೆದು ನೋಡಿದರೆ ಪಿವಟ್‌ಗಳು 1.4, 0.686, −0.058. ಒಂದು ಋಣ ಬಂತು. ಹಾಗಾದರೆ 0.5ಕ್ಕೂ 0.6ಕ್ಕೂ ನಡುವೆ ಒಂದೇ ಒಂದು ಐಗನ್ ಮೌಲ್ಯ ಸಿಕ್ಕಿಬಿದ್ದಿದೆ. ನಿಜವಾದ ಬೆಲೆ 2 − √2, ಅಂದರೆ ಸುಮಾರು 0.586. ಅದನ್ನು ಎಲ್ಲೂ ಲೆಕ್ಕ ಹಾಕಲಿಲ್ಲ, ಹಿಡಿದದ್ದು ಮಾತ್ರ ಹೌದು.

ಸೇತುವೆ, ವಿಮಾನದ ರೆಕ್ಕೆಗಳ ಕಂಪನ ಲೆಕ್ಕಿಸುವ ತಂತ್ರಾಂಶಗಳು ಇದನ್ನೇ ಕಾವಲಿಗೆ ಇಟ್ಟುಕೊಂಡಿವೆ. ಲಕ್ಷಾಂತರ ಚರಗಳ ಮಾದರಿಯಿಂದ ಕೆಳಗಿನ ಕೆಲವು ಕಂಪನಗಳನ್ನು ಹೆಕ್ಕುವ ವಿಧಾನಗಳು ಒಮ್ಮೊಮ್ಮೆ ನಡುವಿನ ಒಂದನ್ನು ಹಾರಿಸಿಬಿಡುತ್ತವೆ, ಉಳಿದವು ಸರಿಯಾಗಿಯೇ ಇರುವುದರಿಂದ ಅನುಮಾನವೂ ಬರುವುದಿಲ್ಲ. ಆಗ ಮೇಲಿನ ಗಡಿಯಲ್ಲಿ ಒಂದು ಸಲ ಪಿವಟ್ ಲೆಕ್ಕ ಮಾಡಿ ಋಣಗಳನ್ನು ಎಣಿಸುತ್ತಾರೆ. ಹನ್ನೆರಡು ಎಂದು ಎಣಿಕೆ ಹೇಳಿ ಪಟ್ಟಿಯಲ್ಲಿ ಹನ್ನೊಂದೇ ಇದ್ದರೆ ಒಂದು ಕಳೆದುಹೋಗಿದೆ. ಎಂಜಿನಿಯರುಗಳ ಬಾಯಲ್ಲಿ ಇದು ಸ್ಟರ್ಮ್ ಚೆಕ್.

ಈಗ ಅದೇ ಸ್ಪ್ರಿಂಗ್ ಮ್ಯಾಟ್ರಿಕ್ಸ್‌ನಿಂದ 1 ಕಳೆದು ನೋಡಿ. ಮೊದಲ ಪಿವಟ್ 1. ಎರಡನೆಯದು 1 − 1/1 = 0. ಮುಂದಿನ ಹೆಜ್ಜೆಯಲ್ಲಿ ಸೊನ್ನೆಯಿಂದ ಭಾಗಿಸಬೇಕು. ಲೆಕ್ಕ ಅಲ್ಲೇ ನಿಂತುಬಿಡುತ್ತದೆ. ಸೊನ್ನೆ ಐಗನ್ ಮೌಲ್ಯ ಸಿಕ್ಕಿತು ಎಂದು ಇಲ್ಲಿ ಅವಸರಪಟ್ಟರೆ ತಪ್ಪು. ನಡುವೆ ಬರುವ ಸೊನ್ನೆ ಪಿವಟ್‌ಗೆ ಅಂಥ ಅರ್ಥವಿಲ್ಲ.

ಸಾಮಾನ್ಯ ಸಮೀಕರಣ ಬಿಡಿಸುವಾಗ ಇಂಥ ಕಡೆ ಎರಡು ಸಾಲುಗಳನ್ನು ಅದಲುಬದಲು ಮಾಡಿ ಮುಂದುವರಿಯುವುದು ರೂಢಿ. ಇಲ್ಲಿ ಅದು ಮೋಸ. ಕರ್ಣದಲ್ಲಿ ಎರಡು ಸೊನ್ನೆ, ಉಳಿದೆಡೆ ಎರಡು 1 ಇರುವ ಪುಟ್ಟ ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಅದರ ಐಗನ್ ಮೌಲ್ಯಗಳು 1 ಮತ್ತು −1. ಸಾಲುಗಳನ್ನು ಬದಲಿಸಿದರೆ ಕರ್ಣದಲ್ಲಿ 1, 1 ಬಂದು ಎರಡೂ ಧನ ಎಂದು ತೋರುತ್ತದೆ. ನಿಯಮ ಮಾತು ಕೊಟ್ಟಿರುವುದು ಸಾಲಿಗೆ ಮಾಡಿದ್ದನ್ನು ಕಂಬಕ್ಕೂ ಮಾಡುವವರಿಗೆ ಮಾತ್ರ. ಹಾಗೆ ಎರಡನ್ನೂ ಬದಲಿಸಿದರೆ ಈ ಪುಟ್ಟ ಮ್ಯಾಟ್ರಿಕ್ಸ್ ಇದ್ದ ಹಾಗೇ ಇರುತ್ತದೆ, ಸೊನ್ನೆ ಜಾಗ ಬಿಟ್ಟು ಕದಲುವುದಿಲ್ಲ.

ಪರಿಹಾರ ಎಂದರೆ ಆ ಜಾಗದಲ್ಲಿ ಒಂದು ಸಂಖ್ಯೆಯ ಬದಲು ಎರಡು ಸಾಲು, ಎರಡು ಕಂಬಗಳ ತುಂಡನ್ನೇ ಪಿವಟ್ ಎಂದು ತೆಗೆದುಕೊಳ್ಳುವುದು. ಅಂಥ ತುಂಡಿನ ನಿರ್ಧಾರಕ ಋಣವಾಗಿದ್ದರೆ ಅದರೊಳಗೆ ಒಂದು ಧನ, ಒಂದು ಋಣ ಇದ್ದೇ ಇರುತ್ತವೆ. ನಮ್ಮ ಸ್ಪ್ರಿಂಗಿನಲ್ಲಿ ಉಳಿದ ತುಂಡಿನ ಕರ್ಣ 0, 1, ಉಳಿದೆಡೆ −1. ನಿರ್ಧಾರಕ −1. ಮೊದಲ ಪಿವಟ್ ಸೇರಿ ಒಟ್ಟು ಎರಡು ಧನ, ಒಂದು ಋಣ: 1ರ ಕೆಳಗೆ ಒಂದು, ಮೇಲೆ ಎರಡು, ಸೊನ್ನೆ ಯಾವುದೂ ಇಲ್ಲ. ಪಿವಟ್ ಪೂರ್ತಿ ಸೊನ್ನೆಯಾಗದೆ ತೀರ ಚಿಕ್ಕದಾದಾಗಲೂ ತುಂಡನ್ನೇ ಆರಿಸುವುದು ಲೇಸು, ಇಲ್ಲದಿದ್ದರೆ ಭಾಗಾಕಾರ ಉಬ್ಬಿ ಉಳಿದ ಅಂಕಿಗಳನ್ನು ನುಂಗುತ್ತದೆ. ಯಾವಾಗ ಒಂಟಿ, ಯಾವಾಗ ಜೋಡಿ ಎಂದು ನಿರ್ಧರಿಸಲು ಬಂಚ್ ಮತ್ತು ಕಾಫ್‌ಮನ್ 1977ರಲ್ಲಿ ಕೊಟ್ಟ ಕ್ರಮ ಇಂದಿಗೂ ಬಳಕೆಯಲ್ಲಿದೆ.

ಧನ, ಋಣಗಳ ಎಣಿಕೆಗಿಂತ ಸೊನ್ನೆಗಳ ಎಣಿಕೆ ಕಷ್ಟ. ಕರ್ಣದಲ್ಲಿ 0.1 ಮತ್ತು 0.9, ಉಳಿದೆಡೆ 0.3 ಇರುವ ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯಗಳು 1 ಮತ್ತು 0. ಕಾಗದದ ಮೇಲೆ ಎರಡನೇ ಪಿವಟ್ 0.9 − 0.09/0.1, ಅಂದರೆ ಅಚ್ಚುಕಟ್ಟಾಗಿ ಸೊನ್ನೆ. ಕಂಪ್ಯೂಟರು ದಶಮಾಂಶಗಳನ್ನು ದ್ವಿಮಾನದಲ್ಲಿ ಕತ್ತರಿಸಿ ಇಟ್ಟುಕೊಳ್ಳುವುದರಿಂದ ಅಲ್ಲಿ 10⁻¹⁶ರ ಆಸುಪಾಸಿನ ಒಂದು ಚೂರು ಉಳಿಯಬಹುದು. ಅದರ ಚಿಹ್ನೆಯನ್ನು ನಂಬಿ ಎರಡು ಧನ ಎಂದು ವರದಿ ಮಾಡುವ ಪ್ರೋಗ್ರಾಮು ತಪ್ಪು ಹೇಳಿದಂತಾಯಿತು.

ಅನುಭವಿಗಳು ಸೊನ್ನೆಯನ್ನು ನೇರ ಕೇಳುವುದಿಲ್ಲ, ಎರಡು ಬದಿಯಿಂದ ಬೇಲಿ ಹಾಕುತ್ತಾರೆ. ಇದೇ ಮ್ಯಾಟ್ರಿಕ್ಸ್‌ನ ಕರ್ಣದಿಂದ 0.001 ಕಳೆದರೆ ಪಿವಟ್‌ಗಳು 0.099 ಮತ್ತು ಸುಮಾರು −0.0101: ಒಂದು ಋಣ. ಅಷ್ಟನ್ನೇ ಕೂಡಿಸಿದರೆ 0.101 ಮತ್ತು ಸುಮಾರು 0.0099: ಋಣವಿಲ್ಲ. ಈ ಚಿಹ್ನೆಗಳನ್ನು 10⁻¹⁶ರ ಚೂರು ಅಲುಗಿಸಲಾರದು. ಆದ್ದರಿಂದ −0.001ಕ್ಕೂ 0.001ಕ್ಕೂ ನಡುವೆ ಒಂದೇ ಐಗನ್ ಮೌಲ್ಯ ಇದೆ ಎಂದು ಧೈರ್ಯವಾಗಿ ಹೇಳಬಹುದು. ಅದನ್ನು ಸೊನ್ನೆ ಎಂದು ಕರೆಯಬೇಕೇ ಎಂಬುದನ್ನು ಮ್ಯಾಟ್ರಿಕ್ಸ್‌ಗೆ ಹಾಕಿದ ಅಳತೆಗಳು ಎಷ್ಟನೇ ಅಂಕಿಯವರೆಗೆ ನಂಬಿಕಸ್ತವೋ ಅದನ್ನು ನೋಡಿ ತೀರ್ಮಾನಿಸಬೇಕು.