ಕತ್ತರಿ ಇಡುವ ಮುನ್ನ ಒಂದು ಪತ್ರ

ಶಾಲಾ ಸಮವಸ್ತ್ರ ಹೊಲಿಯುವ ಸಣ್ಣ ಘಟಕಗಳಿಗೆ ಬೇಸಿಗೆಯಲ್ಲಿ ಬಿಡುವಿರುವುದಿಲ್ಲ. ‘1,200 ಸೆಟ್, ಸೆಟ್ಟಿಗೆ 450 ರೂಪಾಯಿ, ಮೇ 20ರೊಳಗೆ ಬೇಕು’ ಎಂದು ಶಾಲೆಯವರು ಫೋನಿನಲ್ಲಿ ಹೇಳುತ್ತಾರೆ. ‘ಆಯ್ತು ಸಾರ್’ ಎಂದು ಘಟಕದವರು ಒಪ್ಪುತ್ತಾರೆ. ಸೆಟ್ ಎಂದರೆ ಶಾಲೆಯವರ ಮನಸ್ಸಿನಲ್ಲಿ ಟೈ, ಬೆಲ್ಟು ಸೇರಿಯೇ ಇರಬಹುದು. ಇವರ ಲೆಕ್ಕದಲ್ಲಿ ಅದು ಅಂಗಿ ಮತ್ತು ಪ್ಯಾಂಟು ಮಾತ್ರ. 450ರಲ್ಲಿ ಜಿಎಸ್‌ಟಿ ಸೇರಿದೆಯೇ, ಲಾರಿ ಬಾಡಿಗೆ ಯಾರದು ಎಂಬುದನ್ನು ಇಬ್ಬರೂ ಕೇಳಿರುವುದಿಲ್ಲ.

ಅದಕ್ಕೇ ಆ ಸಂಜೆಯೇ ಕೂತು, ಕೇಳಿಸಿಕೊಂಡದ್ದನ್ನೆಲ್ಲ ಬರೆದು ಕಳಿಸಬೇಕು. ಯಾವ ಅಳತೆಯವು ಎಷ್ಟು, ಬಟ್ಟೆ ಯಾವ ಸ್ಯಾಂಪಲ್‌ನಂತೆ, ಅಡ್ವಾನ್ಸ್ ಎಷ್ಟು, ಬಾಕಿ ಯಾವಾಗ ಎಂಬುದೆಲ್ಲ ಅದರಲ್ಲಿರಬೇಕು. ‘ಮಾಲು ತಲುಪಿದ 30 ದಿನಕ್ಕೆ ಬಾಕಿ’ ಎಂದರೆ ಸಾಲದು. ಮಾಲು ಎರಡು ಕಂತಿನಲ್ಲಿ ಹೋಗುವುದಾದರೆ ಆ 30 ದಿನವನ್ನು ಯಾವ ಕಂತಿನಿಂದ ಎಣಿಸಬೇಕು ಎಂದೂ ಬರೆಯಬೇಕು.

ನನಗೆ ಹೆಚ್ಚು ಆತಂಕ ತರುವುದು ದಂಡದ ಷರತ್ತು. ‘ತಡವಾದರೆ ವಾರಕ್ಕೆ ಶೇ 0.5 ಕಡಿತ’ ಎಂದಷ್ಟೇ ಇದೆ ಎನ್ನಿ. 1,000 ಸೆಟ್ ಹೊತ್ತಿಗೆ ಸರಿಯಾಗಿ ತಲುಪಿ, 200 ಸೆಟ್ ಒಂದು ವಾರ ತಡವಾಯಿತು. ಇಡೀ ಆರ್ಡರಿನ 5,40,000 ರೂಪಾಯಿಯ ಮೇಲೆ ಲೆಕ್ಕ ಹಾಕಿದರೆ ಕಡಿತ 2,700 ರೂಪಾಯಿ. ಉಳಿದ 200 ಸೆಟ್ಟಿನ 90,000ದ ಮೇಲೆ ಹಾಕಿದರೆ ಬರೀ 450. ಆದ್ದರಿಂದ ಕಡಿತ ಯಾವ ಮೊತ್ತದ ಮೇಲೆ, ಹೆಚ್ಚೆಂದರೆ ಎಷ್ಟರವರೆಗೆ ಎಂದು ಬಿಡಿಸಿ ಬರೆಯಬೇಕು. ಮಕ್ಕಳ ಅಳತೆಪಟ್ಟಿಯನ್ನು ಶಾಲೆಯೇ ಹತ್ತು ದಿನ ತಡವಾಗಿ ಕೊಟ್ಟರೆ ಗಡುವೂ ಹತ್ತು ದಿನ ಮುಂದೆ ಹೋಗುತ್ತದೆ ಎಂಬ ಸಾಲೂ ಇರಲಿ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಬರೆದಿಟ್ಟ ದಂಡದ ಮೊತ್ತ ಒಂದು ಮೇಲ್ಮಿತಿ ಮಾತ್ರ. ಅದರೊಳಗೆ ನ್ಯಾಯಾಲಯ ಕೊಡಿಸುವುದು ಸಮಂಜಸವೆನಿಸುವ ಪರಿಹಾರವನ್ನಷ್ಟೇ. ಆದರೆ 2,700 ರೂಪಾಯಿಗಾಗಿ ಯಾರು ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆ? ಬಾಕಿ ಹಣ ಶಾಲೆಯ ಕೈಯಲ್ಲಿರುತ್ತದೆ, ಅದರಲ್ಲೇ ಮುರಿದುಕೊಳ್ಳುತ್ತಾರೆ.

ಇನ್ನೊಂದು ಎಚ್ಚರವೂ ಬೇಕು. ಫೋನಿನಲ್ಲಿ ಮೇ 20 ಎಂದು ಒಪ್ಪಿ, ಪತ್ರದ ನಡುವೆ ಸದ್ದಿಲ್ಲದೆ ಮೇ 27 ಎಂದು ಸೇರಿಸುವುದು ಸಲ್ಲದು. ಅದೇ ಕಾಯ್ದೆಯ 7ನೇ ಕಲಮಿನಂತೆ ಒಪ್ಪಿಗೆ ಪೂರ್ಣವಾಗಿರಬೇಕು, ಷರತ್ತಿಲ್ಲದೆ ಇರಬೇಕು. ಬದಲಾವಣೆ ಬೇಕಿದ್ದರೆ ‘ಈ ಒಂದು ಅಂಶಕ್ಕೆ ನಿಮ್ಮ ಒಪ್ಪಿಗೆ ಬೇಕು’ ಎಂದು ಪತ್ರದ ಮೊದಲಲ್ಲೇ ಹೇಳಬೇಕು. ಅತ್ತಕಡೆಯಿಂದ ‘ಒಪ್ಪಿದ್ದೇವೆ’ ಎಂಬ ಬರಹದ ಉತ್ತರ ಬಂದು, ಅಡ್ವಾನ್ಸ್ ಖಾತೆಗೆ ಜಮೆಯಾದ ಮೇಲೆಯೇ ಬಟ್ಟೆಗೆ ಕತ್ತರಿ ಇಡಬೇಕು. ಉತ್ತರ ಬಾರದಿದ್ದರೆ ಅವರ ಮೌನವನ್ನೇ ಒಪ್ಪಿಗೆ ಎಂದುಕೊಳ್ಳದೆ, ಮರುದಿನ ಬೆಳಿಗ್ಗೆಯೇ ಫೋನು ಮಾಡಿ ಕೇಳಬೇಕು.