ನಾಳಿದ್ದಿನ ಪರೀಕ್ಷೆ

ಮಲೆನಾಡಿನ ನಮ್ಮ ಶಾಲೆಯಲ್ಲಿ ನಾನು ಎಂಟನೇ ತರಗತಿಯ ಕ್ಲಾಸ್ ಟೀಚರ್. ಪರೀಕ್ಷೆಯ ವೇಳಾಪಟ್ಟಿಯನ್ನು ವಾರ ಮೊದಲೇ ಮಕ್ಕಳ ಡೈರಿಯಲ್ಲಿ ಬರೆಸಿರುತ್ತೇವೆ. ಆದರೂ ಹಿಂದಿನ ಸಂಜೆ ಪೋಷಕರ ಗುಂಪಿಗೆ ಒಂದು ಸಂದೇಶ ಹಾಕುವ ರೂಢಿ. ನಮ್ಮ ಗುಂಪು ಟೆಲಿಗ್ರಾಂನಲ್ಲಿದೆ. ಬರೆದು, ಕಳುಹಿಸುವ ಬಾಣದ ಗುರುತನ್ನು ಒತ್ತಿ ಹಿಡಿದರೆ Schedule Message ಎಂದು ಬರುತ್ತದೆ. ದಿನ, ಗಂಟೆ ಕೊಟ್ಟುಬಿಟ್ಟರೆ, ಆ ಹೊತ್ತಿಗೆ ನನ್ನ ಫೋನ್ ಆಫ್ ಆಗಿದ್ದರೂ ಸಂದೇಶ ಹೋಗುತ್ತದೆ.

ನಾನು ಇಡುವ ಹೊತ್ತು ಸಂಜೆ ಆರೂವರೆ. ಅದನ್ನು ಕಲಿಸಿದ್ದು ಒಂದು ಕೈವಾರ. ಮೊದಲೆಲ್ಲ ರಾತ್ರಿ ಒಂಬತ್ತಕ್ಕೆ ಹಾಕುತ್ತಿದ್ದೆ. ರೇಖಾಗಣಿತದ ಪರೀಕ್ಷೆಗೆ ಅರ್ಧ ತರಗತಿ ಕೈವಾರವಿಲ್ಲದೆ ಬಂತು. ಕೇಳಿದರೆ, ಅಂಗಡಿ ಮುಚ್ಚಿತ್ತು ಮಿಸ್ ಅಂದರು. ತೀರಾ ಮುಂಚೆ ಹಾಕಿದರೂ ಪ್ರಯೋಜನವಿಲ್ಲ. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್, ಅದು ಅಪ್ಪನ ಜೇಬಿನಲ್ಲಿ ಕೆಲಸದಿಂದ ಮನೆಗೆ ಬರಬೇಕು. ಅದು ಮನೆ ತಲುಪಿ, ಅಂಗಡಿ ಇನ್ನೂ ತೆರೆದಿರುವ ಹೊತ್ತು ನಮ್ಮೂರಿನಲ್ಲಿ ಒಂದು ಗಂಟೆಯಷ್ಟೇ.

ಇನ್ನು ಒಕ್ಕಣೆ. ಮೊದಮೊದಲು ನಾನು ಬರೆಯುತ್ತಿದ್ದದ್ದು ಸುತ್ತೋಲೆಯ ಧಾಟಿಯಲ್ಲಿ: ‘ಕಡ್ಡಾಯವಾಗಿ’, ‘ತಪ್ಪಿದಲ್ಲಿ ಶಾಲೆ ಜವಾಬ್ದಾರಿಯಲ್ಲ’. ಆಮೇಲೆ ಅದಕ್ಕೆ ನಾಚಿ, ಸಾಲಿಗೊಂದು ‘ದಯವಿಟ್ಟು’ ಸೇರಿಸಿದೆ. ಓದಿದರೆ ಸಾಲ ಕೇಳುವವರ ಪತ್ರದಂತಿತ್ತು. ‘ಕಳುಹಿಸಿಕೊಡಿ’ ಎಂಬಲ್ಲಿ ಮರ್ಯಾದೆ ಕ್ರಿಯಾಪದದಲ್ಲೇ ಕೂತಿದೆ, ಹೊರಗಿನಿಂದ ಅಂಟಿಸಬೇಕಾಗಿಲ್ಲ. ಈಗ ಇಷ್ಟೇ ಬರೆಯುತ್ತೇನೆ:

‘ಪೋಷಕರಿಗೆ ನಮಸ್ಕಾರ. 8ನೇ ತರಗತಿಯ ಗಣಿತ ಕಿರುಪರೀಕ್ಷೆ 17-7-2025, ಗುರುವಾರ, ಬೆಳಿಗ್ಗೆ 10.30ರಿಂದ 11.30ರವರೆಗೆ. ಪೆನ್ಸಿಲ್, ಸ್ಕೇಲ್, ಕೈವಾರ ಕೊಟ್ಟು ಕಳುಹಿಸಿ. ಮಗುವಿಗೆ ಹುಷಾರಿಲ್ಲದಿದ್ದರೆ ಒಂದು ಮಾತು ತಿಳಿಸಿ, ಬೇರೆ ದಿನ ಬರೆಸುತ್ತೇನೆ.’

ವೇಳಾಪಟ್ಟಿಯ ಫೋಟೊ ಹಾಕುವುದಿಲ್ಲ. ಸಣ್ಣ ಪರದೆಯಲ್ಲಿ ಅದನ್ನು ಹಿಗ್ಗಿಸಿ, ಅತ್ತಿತ್ತ ಸರಿಸಿ ಓದುವಷ್ಟರಲ್ಲಿ ಬುಧವಾರದ ಸಾಲಿಗೂ ಗುರುವಾರದ ವಿಷಯಕ್ಕೂ ಗಂಟು ಬಿದ್ದಿರುತ್ತದೆ.

ಈ ಒಕ್ಕಣೆಯಲ್ಲಿ ‘ನಾಳೆ’ ಎಂಬ ಪದವಿಲ್ಲ, ಗಮನಿಸಿ. ಅದಕ್ಕೆ ಕಾರಣವಿದೆ. ಒಮ್ಮೆ ಮಂಗಳವಾರ ರಾತ್ರಿ ಕೂತು, ಬುಧವಾರ ಸಂಜೆಗೆಂದು ಬರೆದಿಟ್ಟೆ. ಪರೀಕ್ಷೆ ಗುರುವಾರ. ನಾನು ಕೂತಿದ್ದು ಮಂಗಳವಾರದಲ್ಲಿ, ಹಾಗಾಗಿ ಕೈ ತಾನಾಗಿ ‘ನಾಳಿದ್ದು ಗುರುವಾರ’ ಎಂದು ಬರೆಯಿತು. ಅದು ಜನರನ್ನು ತಲುಪಿದ್ದು ಬುಧವಾರ. ಬುಧವಾರದ ನಾಳಿದ್ದು ಶುಕ್ರವಾರ! ಒಬ್ಬ ತಂದೆ ಫೋನ್ ಮಾಡಿ, “ಮೇಡಂ, ಗುರುವಾರಾನೋ ನಾಳಿದ್ದೋ?” ಎಂದು ಕೇಳಿದಾಗಲೇ ನನಗೆ ಹೊಳೆದದ್ದು. ವಾರದ ಹೆಸರೂ ಇದ್ದದ್ದರಿಂದ ಬಚಾವಾದೆ. ಬರೀ ‘ನಾಳಿದ್ದು’ ಎಂದಿದ್ದರೆ ಅವರಿಗೆ ಅನುಮಾನವೇ ಬರುತ್ತಿರಲಿಲ್ಲ, ಗುರುವಾರ ಹುಡುಗ ಓದದೆ ಬಂದು ಕೂರುತ್ತಿದ್ದ.

ಇನ್ನೊಂದು ಫಜೀತಿ ಮಳೆಯದು. ಜುಲೈನಲ್ಲಿ ನಮ್ಮ ಕಡೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುವುದು ಬಹಳ ಸಲ ಹಿಂದಿನ ಸಂಜೆಯೇ. ಒಂದು ದಿನ ಆರು ಗಂಟೆ ಹತ್ತು ನಿಮಿಷಕ್ಕೆ ನಾನೇ ಗುಂಪಿನಲ್ಲಿ ರಜೆಯ ಸುದ್ದಿ ಹಾಕಿ, ಕಾಫಿಗೆ ಎದ್ದೆ. ಆರೂವರೆಗೆ ನನ್ನದೇ ಹೆಸರಿನಲ್ಲಿ, ಅಷ್ಟೇ ವಿನಯದಿಂದ, ಮಕ್ಕಳನ್ನು ಬೆಳಿಗ್ಗೆ ಹತ್ತೂವರೆಯ ಪರೀಕ್ಷೆಗೆ ಕಳುಹಿಸಿ ಎಂಬ ಸಂದೇಶ! ನಾನು ನೋಡಿ ಅಳಿಸುವಷ್ಟರಲ್ಲಿ ಇಪ್ಪತ್ತು ಮಂದಿ ಓದಿಯಾಗಿತ್ತು. ಕೊನೆಯ ಸಂದೇಶವೇ ಖರೆ ಎಂದು ನಂಬಿದವರೂ ಇದ್ದರು, ಅವರು ಹಾಗೆ ನಂಬಿದ್ದರಲ್ಲಿ ತಪ್ಪೇನೂ ಇಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡುತ್ತ ಎಂಟು ಗಂಟೆಯಾಯಿತು.

ಕಾದಿರಿಸಿದ ಸಂದೇಶವೊಂದು ಇದ್ದರೆ, ಬರೆಯುವ ಜಾಗದ ಪಕ್ಕದಲ್ಲಿ ಪುಟ್ಟ ಕ್ಯಾಲೆಂಡರಿನ ಗುರುತು ಕಾಣುತ್ತದೆ. ಅದನ್ನು ಒತ್ತಿದರೆ ಅಳಿಸಬಹುದು, ಹೊತ್ತು ಬದಲಿಸಲೂಬಹುದು. ಮಳೆಗಾಲದಲ್ಲಿ ಈಗ ಆರು ಗಂಟೆಗೆ ಅಲಾರಂ ಇಟ್ಟುಕೊಂಡಿದ್ದೇನೆ. ತಾನಾಗಿ ಹೋಗುವ ಸಂದೇಶವನ್ನು ನೋಡಿಕೊಳ್ಳಲು ಅಲಾರಂ ಬೇರೆ, ಎಂದು ಮನೆಯವರು ನಗುತ್ತಾರೆ. ನಗಲಿ. ಮೊನ್ನೆ ಅಲಾರಂ ಹೊಡೆದಾಗ ರಜೆಯ ಸುದ್ದಿ ಇನ್ನೂ ಬಂದಿರಲಿಲ್ಲ, ಹೆಂಚಿನ ಮೇಲೆ ಮಳೆ ಮಾತ್ರ ಬಿಡದೆ ಸುರಿಯುತ್ತಿತ್ತು. ಆರೂವರೆಯನ್ನು ಏಳು ಗಂಟೆಗೆ ತಳ್ಳಿ, ಫೋನ್ ಕೈಯಲ್ಲೇ ಹಿಡಿದು ಕೂತೆ.