ಊಟ ತಡವಾದರೆ ಇನ್ಸುಲಿನ್ ಕಾಯುವುದಿಲ್ಲ

ಮದುವೆ ಮನೆಯಲ್ಲಿ ಮೂರನೇ ಪಂಕ್ತಿಗೆ ಕಾದು ಕುಳಿತ ಹಿರಿಯರೊಬ್ಬರಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಮೈಯೆಲ್ಲ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತಡವರಿಸುತ್ತದೆ. ಸೆಕೆ ಇರಬೇಕೆಂದು ಗಾಳಿ ಬೀಸುವವರು ಇರುತ್ತಾರೆ. ಬೆಳಿಗ್ಗೆ ಯಾವ ಇನ್ಸುಲಿನ್ ತೆಗೆದುಕೊಂಡಿದ್ದರು ಎಂದು ಕೇಳುವವರು ಕಡಿಮೆ. ಆಗ ಕೇಳಬೇಕಾದದ್ದು ಅದನ್ನೇ.

ಆರೋಗ್ಯವಂತರ ಮೇದೋಜೀರಕ ಗ್ರಂಥಿ ಇನ್ಸುಲಿನ್ನನ್ನು ಎರಡು ಬಗೆಯಲ್ಲಿ ಕೊಡುತ್ತದೆ. ನಾವು ಉಣ್ಣದಿದ್ದಾಗಲೂ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುವುದರಿಂದ ಹಗಲಿರುಳೂ ಸ್ವಲ್ಪಸ್ವಲ್ಪ ಇನ್ಸುಲಿನ್ ಬೇಕು. ಉಂಡಾಗ ಒಮ್ಮೆಗೇ ಹೆಚ್ಚು ಬೇಕು. ಮೊದಲನೆಯ ಕೆಲಸಕ್ಕೆ ಕೊಡುವುದು ಬೇಸಲ್, ಎರಡನೆಯದಕ್ಕೆ ಬೋಲಸ್. ಎರಡನ್ನೂ ನಿಗದಿತ ಪ್ರಮಾಣದಲ್ಲಿ ಒಂದೇ ಸೀಸೆಗೆ ಸೇರಿಸಿದ್ದು ಪ್ರೀಮಿಕ್ಸ್.

ನಮ್ಮಲ್ಲಿ ಬಹಳ ಜನ ಬಳಸುವ 30/70 ಇಂಥ ಪ್ರೀಮಿಕ್ಸ್. ಅದರಲ್ಲಿ ಬೇಗ ಕೆಲಸ ಮಾಡುವ ರೆಗ್ಯುಲರ್ 30 ಪಾಲು, ನಿಧಾನವಾಗಿ ಏರುವ ಎನ್‌ಪಿಎಚ್ 70 ಪಾಲು. ಒಬ್ಬರು ಬೆಳಿಗ್ಗೆ ಎಂಟಕ್ಕೆ 20 ಯೂನಿಟ್ ತೆಗೆದುಕೊಂಡು ಅರ್ಧ ಗಂಟೆ ಬಿಟ್ಟು ತಿಂಡಿ ತಿನ್ನುತ್ತಾರೆ ಎನ್ನೋಣ. ಅದರಲ್ಲಿ 6 ಯೂನಿಟ್ ರೆಗ್ಯುಲರ್ ಇಡ್ಲಿಯನ್ನೋ ದೋಸೆಯನ್ನೋ ನೋಡಿಕೊಳ್ಳುತ್ತದೆ. ಉಳಿದ 14 ಯೂನಿಟ್ ಎನ್‌ಪಿಎಚ್ ಜೋರಾಗುವುದು ಸುಮಾರು ನಾಲ್ಕರಿಂದ ಹತ್ತು ಗಂಟೆಗಳ ನಂತರ, ಅಂದರೆ ನಡುಮಧ್ಯಾಹ್ನದಿಂದ ಸಂಜೆಯವರೆಗೆ. ಮಧ್ಯಾಹ್ನದ ಊಟಕ್ಕೆ ಬೇರೆ ಸೂಜಿಯಿಲ್ಲ. ಆ ಊಟದ ಇನ್ಸುಲಿನ್ ಬೆಳಿಗ್ಗೆಯೇ ಒಳಗೆ ಹೋಗಿದೆ. ಊಟ ಒಂದೂವರೆಗೆ ಬಂದರೆ ಸರಿ. ಮೂರೂವರೆಯಾದರೆ, ಏಕಾದಶಿಯೆಂದು ಬಿಟ್ಟೇಬಿಟ್ಟರೆ, ಸಕ್ಕರೆ ಕುಸಿಯುತ್ತದೆ.

ಇನ್ನೊಂದು ತೊಡಕು ಡೋಸ್ ಹೆಚ್ಚಿಸುವಾಗ ಕಾಣುತ್ತದೆ. ತಿಂಡಿಯಾದ ಎರಡು ಗಂಟೆಗೆ ಸಕ್ಕರೆ 240 ಬಂತೆಂದು ಬೆಳಗಿನ 20ನ್ನು 24 ಮಾಡಿದರೆ, ಹೆಚ್ಚಿಸಿದ ನಾಲ್ಕರಲ್ಲಿ ತಿಂಡಿಗೆ ಸಿಗುವ ರೆಗ್ಯುಲರ್ 1.2 ಯೂನಿಟ್ ಮಾತ್ರ. 2.8 ಯೂನಿಟ್ ಎನ್‌ಪಿಎಚ್ ಮಧ್ಯಾಹ್ನದ ಪಾಲಾಗುತ್ತದೆ. ತಿಂಡಿಯ ನಂತರದ ಸಕ್ಕರೆ ಅಷ್ಟೇನೂ ಇಳಿಯುವುದಿಲ್ಲ, ಊಟಕ್ಕೆ ಮುಂಚಿನದು ಇಳಿಯಬಾರದಷ್ಟು ಇಳಿಯುತ್ತದೆ. ರಾತ್ರಿಯ ಡೋಸಿನಲ್ಲಿ ಇದೇ ಆದರೆ ಕುಸಿತ ಬರುವುದು ನಡುರಾತ್ರಿ ಎರಡು ಮೂರು ಗಂಟೆಗೆ, ಮನೆಮಂದಿಯೆಲ್ಲ ಮಲಗಿರುವಾಗ.

ಬೇಸಲ್-ಬೋಲಸ್ ಕ್ರಮದಲ್ಲಿ ಈ ಗಂಟು ಬಿಚ್ಚಿದೆ. ದಿನಕ್ಕೊಮ್ಮೆ ಗ್ಲಾರ್ಜಿನ್‌ನಂಥ ಬೇಸಲ್. ಅದು ಹೆಚ್ಚು ಏರಿಳಿತವಿಲ್ಲದೆ ಸುಮಾರು 24 ಗಂಟೆ ಇರುತ್ತದೆ. ಮೂರೂ ಊಟಕ್ಕೆ ಮುಂಚೆ ಲಿಸ್ಪ್ರೊ, ಆಸ್ಪಾರ್ಟ್‌ನಂಥ ಚುರುಕು ಬೋಲಸ್. ಊಟ ಎರಡು ಗಂಟೆ ತಡವಾದರೆ ಆ ಸೂಜಿಯೂ ಎರಡು ಗಂಟೆ ತಡ. ಆ ಊಟವೇ ಇಲ್ಲದಿದ್ದರೆ ಅದರ ಬೋಲಸ್ಸೂ ಇಲ್ಲ. ಬೇಸಲ್ ಮಾತ್ರ ಉಪವಾಸವಿದ್ದರೂ ನಿಲ್ಲಬಾರದು. ಟೈಪ್ 1 ಇರುವವರಿಗೆ ಅದನ್ನು ನಿಲ್ಲಿಸುವುದು ಪ್ರಾಣಾಪಾಯ. ಈ ಅನುಕೂಲಕ್ಕೆ ಬದಲಾಗಿ ದಿನಕ್ಕೆ ನಾಲ್ಕು ಸೂಜಿ, ಹೆಚ್ಚು ಪರೀಕ್ಷೆ, ಹೆಚ್ಚು ಖರ್ಚು. ದಿನವೂ ಒಂದೇ ಹೊತ್ತಿಗೆ ಒಂದೇ ಅಳತೆಯ ಊಟ ಮಾಡುವವರಿಗೆ ಎರಡೇ ಸೂಜಿಯ ಪ್ರೀಮಿಕ್ಸ್ ಸಾಕಾಗಬಹುದು.

ಟೈಪ್ 2 ಇರುವ ಅನೇಕರಿಗೆ ಮಾತ್ರೆಗಳ ಜೊತೆ ಬೇಸಲ್ ಒಂದನ್ನೇ ಮೊದಲು ಕೊಡುತ್ತಾರೆ. ಅದು ಸರಿಯಿದೆಯೇ ಎಂಬುದನ್ನು ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ ಹೇಳುತ್ತದೆ. ಖಾಲಿಹೊಟ್ಟೆಯಲ್ಲಿ 110 ಇದ್ದು ಮುದ್ದೆ ಉಂಡ ನಂತರ 260 ಆಗುತ್ತಿದ್ದರೆ ಕೊರತೆಯಿರುವುದು ಊಟದ ಇನ್ಸುಲಿನ್ನಿನದು. ಅಲ್ಲಿ ಬೇಸಲ್ ಏರಿಸುತ್ತಾ ಹೋದರೆ ಊಟದ ಸಕ್ಕರೆ ಹತೋಟಿಗೆ ಬಾರದೆ ರಾತ್ರಿಯ ಸಕ್ಕರೆ ಕುಸಿಯುತ್ತದೆ.

ಬೆವರು, ನಡುಕ, ಗೊಂದಲ ಕಂಡು ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ, ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಡೋಸನ್ನು ನಾವೇ ಬದಲಿಸುವುದು ಸಲ್ಲದು. ಆದರೆ ನಾವು ಹೇಳದೆ ವೈದ್ಯರಿಗೆ ತಿಳಿಯದ ಒಂದು ವಿಷಯವಿದೆ: ನಮ್ಮ ಮನೆಯಲ್ಲಿ ಎಲೆ ಹಾಕುವುದು ನಿಜವಾಗಿ ಎಷ್ಟು ಗಂಟೆಗೆ ಎಂಬುದು. ಒಂದು ವಾರ ಪ್ರತಿ ಊಟದ ಹೊತ್ತನ್ನೂ, ಊಟದ ಮುಂಚಿನ ಮತ್ತು ಎರಡು ಗಂಟೆಯ ನಂತರದ ಸಕ್ಕರೆಯನ್ನೂ ಬರೆದು ಒಯ್ದರೆ, ಯಾವ ಇನ್ಸುಲಿನ್ ನಮ್ಮ ದಿನಕ್ಕೆ ಹೊಂದುತ್ತದೆ ಎಂದು ನಿರ್ಧರಿಸಲು ಅವರಿಗೆ ಆಧಾರ ಸಿಗುತ್ತದೆ.